ವಿಡಿಯೋ ಕರೆಯ ನಡುವೆ ಆರಿಹೋಗುವ ಲ್ಯಾಪ್‌ಟಾಪ್: ಮದರ್‌ಬೋರ್ಡ್ ಹಾಳಾಗಿದೆಯೇ, ಬಿಸಿಯ ತೊಂದರೆಯೇ?

ನೀರ್ಚಾಲು ಟೀಚರ್ · ಶನಿವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನನ್ನ ಸ್ವಂತ ಲ್ಯಾಪ್‌ಟಾಪ್ ಆರು ವರ್ಷ ಹಳೆಯದು. ಹದಿನೈದು ಇಂಚಿನ ಪರದೆ, ಎಂಟನೇ ಪೀಳಿಗೆಯ ಐ5 ಪ್ರೊಸೆಸರ್. ಶಾಲೆಯ ಕಂಪ್ಯೂಟರುಗಳಲ್ಲಿರುವ ಕೈಟ್ ಗ್ನೂ/ಲಿನಕ್ಸ್ ಅನ್ನೇ ಇದರಲ್ಲೂ ಹಾಕಿಸಿಕೊಂಡಿದ್ದೇನೆ.

ಒಂದು ತಿಂಗಳಿನಿಂದ ಇದು ಕೆಲಸದ ನಡುವೆ ಒಮ್ಮೆಲೇ ಆರಿಹೋಗುತ್ತಿದೆ. ಹೆಚ್ಚಾಗಿ ವಿಡಿಯೋ ಕರೆಯಲ್ಲಿರುವಾಗ ಹೀಗಾಗುತ್ತದೆ. ಎಚ್ಚರಿಕೆಯ ಸಂದೇಶವಿಲ್ಲ, ನೀಲಿ ಪರದೆಯಿಲ್ಲ, ದೀಪ ಆರಿಸಿದ ಹಾಗೆ ಕತ್ತಲೆ. ತಕ್ಷಣ ಗುಂಡಿ ಒತ್ತಿದರೆ ಶುರುವಾಗುತ್ತದೆ, ಆದರೆ ಎರಡು ನಿಮಿಷದಲ್ಲಿ ಮತ್ತೆ ಆರುತ್ತದೆ. ಊಟ ಮುಗಿಸಿ ಬಂದು ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯುತ್ತದೆ.

ಪೇಟೆಯ ಒಂದು ಅಂಗಡಿಗೆ ಕೊಂಡುಹೋದೆ. ತೆರೆದೂ ನೋಡದೆ ಮದರ್‌ಬೋರ್ಡ್ ಹೋಗಿದೆ, ಬದಲಿಸಲು 9,500 ರೂಪಾಯಿ ಎಂದರು. ಅಷ್ಟು ಹಣ ಹಾಕುವ ಮೊದಲು ತಿಳಿದವರ ಮಾತು ಕೇಳಬೇಕೆನಿಸಿತು. ಮನೆಯಲ್ಲಿ ಚಾವಡಿಯ ಮೂಲೆಯೇ ನನ್ನ ಕೆಲಸದ ಜಾಗ. ಅಡಿಕೆ ಸುಲಿಯುವ ದಿನಗಳಲ್ಲಿ ಅಲ್ಲೆಲ್ಲ ಸಿಪ್ಪೆಯ ನಾರು, ಧೂಳು ತುಂಬಿರುತ್ತದೆ. ರಾತ್ರಿ ಉತ್ತರಪತ್ರಿಕೆಯ ಅಂಕ ತುಂಬಿಸುವಾಗ ಹಾಸಿಗೆಯ ಮೇಲೆ ಕಂಬಳಿ ಮಡಚಿ ಅದರ ಮೇಲೆ ಇಟ್ಟುಕೊಳ್ಳುವ ಅಭ್ಯಾಸವೂ ಇದೆ.

ಉಪ್ಪಳದ ರಿಪೇರಿಯವ · ಶನಿವಾರ, ರಾತ್ರಿ 10.25

ಟೀಚರೇ, ಬೋರ್ಡ್ ಬದಲಿಸಲು ಈಗಲೇ ಒಪ್ಪಬೇಡಿ. ಆರಿದ ಕೂಡಲೇ ಹಾಕಿದರೆ ಎರಡು ನಿಮಿಷ, ತಣಿದ ಮೇಲೆ ಹಾಕಿದರೆ ಹೆಚ್ಚು ಹೊತ್ತು ನಡೆಯುತ್ತದೆ ಎಂದಿರಿ. ಬಿಸಿಯಿಂದ ಆರುವ ಯಂತ್ರದ ನಡತೆಯೇ ಅದು. ಬೋರ್ಡಿನ ದೋಷ ಸಾಮಾನ್ಯವಾಗಿ ಹೀಗೆ ಹೊತ್ತು ನೋಡಿ ಬರುವುದಿಲ್ಲ.

ಆದರೆ ಬಿಸಿ ಎಂದರೆ ಸಾಲದು. ಗಾಳಿ ಓಡುತ್ತಿಲ್ಲವೋ, ಅಥವಾ ಪ್ರೊಸೆಸರಿನ ಶಾಖ ಅದರ ಮೇಲೆ ಕೂತಿರುವ ತಾಮ್ರದ ಹೀಟ್‌ಸಿಂಕಿಗೆ ದಾಟುತ್ತಲೇ ಇಲ್ಲವೋ ಎಂಬುದನ್ನು ಮೊದಲು ತಿಳಿಯಬೇಕು. ಎರಡಕ್ಕೂ ಮದ್ದು ಬೇರೆ. ತೆರೆಯದೆಯೇ ಇದನ್ನು ಬಹುಮಟ್ಟಿಗೆ ಹೇಳಬಹುದು: ಶಾಖ ಎಷ್ಟು ಏರುತ್ತದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತದೆ ಎಂದು ನೋಡಿ.

ಜಾಲರಿಯಲ್ಲಿ ಧೂಳು ಕಟ್ಟಿದ್ದರೆ, ಫ್ಯಾನ್ ಸೋತಿದ್ದರೆ ಅಥವಾ ಕೆಳಗಿನ ಕಿಂಡಿ ಮುಚ್ಚಿದ್ದರೆ ಶಾಖ ಪ್ರೊಸೆಸರಿನಿಂದ ತಾಮ್ರಕ್ಕೆ ದಾಟುತ್ತದೆ, ಅಲ್ಲಿಂದ ಮಾತ್ರ ಹೊರಗೆ ಹೋಗುವುದಿಲ್ಲ. ತಾಮ್ರ ಇಡಿಯಾಗಿ ಕಾಯಲು ಹೊತ್ತು ಬೇಕು. ಹಾಗಾಗಿ ನಿಮಿಷಗಟ್ಟಲೆ ನಿಧಾನವಾಗಿ ಏರುತ್ತದೆ, ಕೆಲಸ ನಿಲ್ಲಿಸಿದರೂ ನಿಧಾನವಾಗಿಯೇ ಇಳಿಯುತ್ತದೆ. ಇವೆರಡರ ನಡುವೆ ಶಾಖ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಶಾಖ ಚಿಪ್ಪಿನಲ್ಲೇ ಸಿಕ್ಕಿಬೀಳುತ್ತದೆ. ಚಿಪ್ಪು ಉಗುರಿನಷ್ಟು ಚಿಕ್ಕದು, ಕ್ಷಣದಲ್ಲಿ ಕಾಯುತ್ತದೆ, ಕೆಲಸ ನಿಂತ ಕ್ಷಣದಲ್ಲೇ ಇಳಿಯುತ್ತದೆ.

ನಾಳೆ ಮೇಜಿನ ಮೇಲಿಟ್ಟು, ಹಿಂಬದಿಗೆ ಎರಡು ಸೆಂಟಿಮೀಟರ್ ಎತ್ತರ ಕೊಟ್ಟು, ಟರ್ಮಿನಲ್‌ನಲ್ಲಿ ಇದನ್ನು ಓಡಿಸಿ:

```
watch -n 2 sensors
```

`Package id 0` ಎಂಬ ಸಾಲನ್ನು ನೋಡಿ. `sensors` ಇಲ್ಲವೆಂದು ಹೇಳಿದರೆ `lm-sensors` ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ವಿಡಿಯೋ ಕರೆ ಶುರುಮಾಡಿ, ಹತ್ತು ಸೆಕೆಂಡಿಗೆ ಎಷ್ಟು, ಒಂದು ನಿಮಿಷಕ್ಕೆ ಎಷ್ಟು, ಆಮೇಲೆ ಮೂರು, ಆರು, ಒಂಬತ್ತು ನಿಮಿಷಕ್ಕೆ ಎಷ್ಟು ಎಂದು ಕಾಗದದಲ್ಲಿ ಬರೆದಿಡಿ. ಪಕ್ಕದ ಕಿಂಡಿಗೆ ಅಂಗೈ ಹಿಡಿದು ಗಾಳಿ ಹೇಗಿದೆ ಎಂದೂ ನೋಡಿ. ಆರಿಹೋದರೆ ಮತ್ತೆ ಹಾಕಿದ ಮೇಲೆ ಇದು:

```
sudo journalctl -b -1 | grep -i temperature
```

ಮುಳ್ಳೇರಿಯ ಕೃಷಿಕ · ಭಾನುವಾರ, ಬೆಳಿಗ್ಗೆ 6.50

ಇಷ್ಟೆಲ್ಲ ಅಳೆಯುವ ಅಗತ್ಯವೇ ಇಲ್ಲ. ಅಡಿಕೆಯ ಮನೆ ಎಂದಮೇಲೆ ಧೂಳೇ ಕಾರಣ. ನಾನು ಆರು ತಿಂಗಳಿಗೊಮ್ಮೆ ಪಂಕ್ಚರ್ ಅಂಗಡಿಗೆ ಒಯ್ದು, ಟಯರಿಗೆ ಗಾಳಿ ಹೊಡೆಯುವ ಕೊಳವೆಯಿಂದ ಪಕ್ಕದ ಕಿಂಡಿಗೆ ಎರಡು ಸಲ ಹೊಡೆಸುತ್ತೇನೆ. ಬೂದಿ ಹಾರಿದ ಹಾಗೆ ಧೂಳು ಹೊರಗೆ ಬರುತ್ತದೆ. ನಾಲ್ಕು ವರ್ಷದಿಂದ ನನ್ನ ಲ್ಯಾಪ್‌ಟಾಪ್ ಒಮ್ಮೆಯೂ ಆರಿಲ್ಲ.

ಉಪ್ಪಳದ ರಿಪೇರಿಯವ · ಭಾನುವಾರ, ಬೆಳಿಗ್ಗೆ 8.15

ಅಣ್ಣ, ಧೂಳು ಇರಬಹುದು ಎಂಬ ನಿಮ್ಮ ಊಹೆ ಸರಿ. ನೀವು ಹೊಸದರಿಂದಲೇ ಆರು ತಿಂಗಳಿಗೊಮ್ಮೆ ಮಾಡಿಸಿದ್ದರಿಂದ ಸಡಿಲ ಧೂಳು ಹಾರಿಹೋಗಿದೆ, ಅದೂ ನಿಜ. ಆರು ವರ್ಷ ಮುಟ್ಟದ ಯಂತ್ರಕ್ಕೆ ಅದು ಆಗುವುದಿಲ್ಲ. ಧೂಳು ಕಟ್ಟುವುದು ಹೊರಗಿನ ಕಿಂಡಿಯಲ್ಲಲ್ಲ, ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ, ಜಾಲರಿಯ ಒಳಮುಖದಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಅದು ಒತ್ತಿ ಕಂಬಳಿಯ ತುಂಡಿನಂತೆ ಆಗಿರುತ್ತದೆ. ಹೊರಗಿನಿಂದ ಹೊಡೆದರೆ ಆ ತುಂಡು ಕಳಚಿ ಫ್ಯಾನಿನ ಎಸಳಿಗೆ ಸಿಕ್ಕಿಕೊಳ್ಳುತ್ತದೆ. ನಿನ್ನೆಯವರೆಗೆ ನಿಧಾನವಾಗಿ ತಿರುಗುತ್ತಿದ್ದ ಫ್ಯಾನ್ ಆಮೇಲೆ ತಿರುಗುವುದೇ ಇಲ್ಲ.

ಇನ್ನೂ ಎರಡು ಭಯ ಇವೆ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕೂಡುತ್ತದೆ, ಎಣ್ಣೆಯ ಹನಿಯೂ ಬರುತ್ತದೆ. ಆ ಒತ್ತಡಕ್ಕೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕಳೆದ ಮಳೆಗಾಲದಲ್ಲಿ ಹೀಗೆ ಗಾಳಿ ಹೊಡೆಸಿದ ಒಂದು ಯಂತ್ರ ನನ್ನ ಮೇಜಿಗೆ ಬಂದಿತ್ತು, ಕೀಬೋರ್ಡಿನ ಅಡಿಯಲ್ಲಿ ನೀರಿನ ಹನಿಗಳಿದ್ದವು.

ಪೆರ್ಲ ಡಿಟಿಪಿ · ಭಾನುವಾರ, ಬೆಳಿಗ್ಗೆ 11.30

ನನ್ನದೂ ಇದೇ ತೊಂದರೆ. ಮದುವೆಯ ಆಮಂತ್ರಣ ಪತ್ರ ಜೋಡಿಸುತ್ತಿರುವಾಗ ಪಟ್ಟನೆ ಆರುತ್ತದೆ, ಅರ್ಧ ದಿನದ ಕೆಲಸ ಹೋಗುತ್ತದೆ. ವಿಂಡೋಸ್ ಇದೆ. ಈವೆಂಟ್ ವ್ಯೂಅರ್‌ನಲ್ಲಿ Kernel-Power 41 ಎಂದು ಕೆಂಪು ಗುರುತಿನ ಸಾಲುಗಳಿವೆ. ಬಿಸಿಯೇ ಇರಬೇಕು ಎಂದು ಕೂಲಿಂಗ್ ಪ್ಯಾಡ್ ತಂದೆ, ಏನೂ ಬದಲಾಗಲಿಲ್ಲ. ನಾನೂ ಪೇಸ್ಟ್ ಬದಲಿಸಲೇ?

ಮಂಜೇಶ್ವರದ ವಿದ್ಯಾರ್ಥಿ · ಭಾನುವಾರ, ಮಧ್ಯಾಹ್ನ 12.05

ಅಣ್ಣ, 41 ಎಂದರೆ ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ. ಕರೆಂಟ್ ಹೋದರೂ ಅದೇ ಬರುತ್ತದೆ, ಕಾರಣ ಅದರಲ್ಲಿಲ್ಲ. ಬಿಸಿ ಮಿತಿ ಮೀರಿದ್ದರಿಂದ ವಿಂಡೋಸೇ ಮುಚ್ಚಿದ್ದರೆ Kernel-Power 86 ಎಂಬ ಸಾಲು ಇರುತ್ತದೆ. ಅದಿದೆಯೇ? ಅಡಾಪ್ಟರ್ ಕಳಚಿ ಬರೀ ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಡೆಯುತ್ತದೆ?

ಪೆರ್ಲ ಡಿಟಿಪಿ · ಭಾನುವಾರ, ಮಧ್ಯಾಹ್ನ 12.40

86 ಎಲ್ಲಿಯೂ ಇಲ್ಲ. ಅಡಾಪ್ಟರ್ ಕಳಚಿದ ಕೂಡಲೇ ಆರಿತು. ಬ್ಯಾಟರಿ ಎರಡು ವರ್ಷದಿಂದ ಸತ್ತ ಹಾಗೆಯೇ ಇದೆ, ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ತೋಚಿರಲಿಲ್ಲ.

ಉಪ್ಪಳದ ರಿಪೇರಿಯವ · ಭಾನುವಾರ, ಮಧ್ಯಾಹ್ನ 1.10

ಹಾಗಾದರೆ ನಿಮ್ಮದು ಬೇರೆ ಕಥೆ. ಬ್ಯಾಟರಿ ಸತ್ತಿರುವಾಗ ಅಡಾಪ್ಟರಿನ ಪಿನ್ ಒಂದು ಕ್ಷಣ ಅಲುಗಿದರೂ, ಕರೆಂಟ್ ಒಮ್ಮೆ ಮಿನುಗಿದರೂ ಯಂತ್ರ ಆರುತ್ತದೆ. ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಬ್ಯಾಟರಿ ಉಬ್ಬಿದೆಯೇ ಎಂದೂ ಗಮನಿಸಿ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬಳಸುವುದನ್ನು ನಿಲ್ಲಿಸಿ. ಪೇಸ್ಟ್ ಬೇಡ.

ನೀರ್ಚಾಲು ಟೀಚರ್ · ಭಾನುವಾರ, ಸಂಜೆ 5.20

ಹೇಳಿದಂತೆ ಬರೆದಿಟ್ಟೆ. ಕರೆ ಶುರುಮಾಡುವ ಮೊದಲು 57 ಡಿಗ್ರಿ. ಹತ್ತು ಸೆಕೆಂಡಿಗೆ 66, ಒಂದು ನಿಮಿಷಕ್ಕೆ 78, ಮೂರು ನಿಮಿಷಕ್ಕೆ 87, ಆರಕ್ಕೆ 94. ಒಂಬತ್ತನೇ ನಿಮಿಷದಲ್ಲಿ 98 ಕಂಡದ್ದೇ ಕೊನೆ, ಆರಿಹೋಯಿತು. ಪಕ್ಕದ ಕಿಂಡಿಯಿಂದ ಬರುವ ಗಾಳಿ ಬಹಳ ಮೆಲ್ಲಗೆ, ಆದರೆ ಕೈ ಸುಡುವಷ್ಟು ಬಿಸಿ.

ಎರಡನೇ ಆಜ್ಞೆ ಕೊಟ್ಟಾಗ ಹಲವು ಸಾಲು ಬಂದವು. ಕೊನೆಯದರಲ್ಲಿ `critical temperature reached, shutting down` ಎಂದಿದೆ. ಅಂಗಡಿಯವರು ಈ ಒಂದು ಸಾಲನ್ನಾದರೂ ನೋಡಬಹುದಿತ್ತಲ್ಲ ಎಂದು ನಿಜವಾಗಿಯೂ ಬೇಸರವಾಯಿತು.

ಉಪ್ಪಳದ ರಿಪೇರಿಯವ · ಭಾನುವಾರ, ರಾತ್ರಿ 8.45

ಈ ಸಾಲು ಸಿಕ್ಕಿದ್ದು ಒಳ್ಳೆಯದಾಯಿತು. ಶಾಖ ಮಿತಿ ಮುಟ್ಟಿತು, ಆದ್ದರಿಂದ ಮುಚ್ಚುತ್ತೇನೆ ಎಂದು ವ್ಯವಸ್ಥೆಯೇ ಹೇಳಿದೆ. ಕೆಲವೊಮ್ಮೆ ಇದನ್ನು ಬರೆಯುವುದಕ್ಕೂ ಸಮಯ ಸಿಗದೆ ಬೋರ್ಡ್ ನೇರವಾಗಿ ವಿದ್ಯುತ್ ಕಡಿಯುತ್ತದೆ, ಆಗ ಸಾಲು ಇರುವುದಿಲ್ಲ. ಸಾಲು ಇಲ್ಲವೆಂದ ಮಾತ್ರಕ್ಕೆ ಬಿಸಿಯಲ್ಲ ಎನ್ನಲಾಗದು. ಇದ್ದರೆ ಮಾತ್ರ ಸಂಶಯ ಉಳಿಯುವುದಿಲ್ಲ.

ನಿಮ್ಮ ಅಂಕಿಗಳು ನಿಮಿಷಗಟ್ಟಲೆ ಏರಿವೆ. ಗಾಳಿ ಕಡಿಮೆ, ಇರುವ ಗಾಳಿ ಬಹಳ ಬಿಸಿ. ಅಂದರೆ ತಾಮ್ರಕ್ಕೆ ಶಾಖ ಬರುತ್ತಿದೆ, ಹೊರಗೆ ಹೋಗುವ ದಾರಿ ಕಟ್ಟಿದೆ. ಫ್ಯಾನ್ ತಿರುಗುತ್ತಿದೆ ಎಂದೂ ತಿಳಿಯಿತು, ಇಲ್ಲವಾದರೆ ಗಾಳಿಯೇ ಇರುತ್ತಿರಲಿಲ್ಲ. ಧೂಳು ತೆಗೆಯಿರಿ.

ಪೂರ್ತಿ ಆರಿಸಿ, ಅಡಾಪ್ಟರ್ ಕಳಚಿ, ಕೆಳಗಿನ ಸ್ಕ್ರೂಗಳನ್ನು ತೆಗೆಯಿರಿ. ಎಲ್ಲವೂ ಒಂದೇ ಉದ್ದದವಲ್ಲ, ಆದ್ದರಿಂದ ಒಂದು ಕಾಗದದಲ್ಲಿ ತಳದ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ರಬ್ಬರ್ ಪಟ್ಟಿಯ ಅಡಿಯಲ್ಲೂ ಒಂದೆರಡು ಅಡಗಿರಬಹುದು. ತಳ ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ಒಳಗೆ ಮೊದಲು ಮಾಡಬೇಕಾದದ್ದು ಬ್ಯಾಟರಿಯ ಕನೆಕ್ಟರ್ ಕಳಚುವುದು. ಆಮೇಲೆ ಫ್ಯಾನನ್ನು ಹಿಡಿದಿರುವ ಎರಡು ಮೂರು ಸ್ಕ್ರೂ ತೆಗೆದು ಅದನ್ನಷ್ಟೇ ಎತ್ತಿ. ಜಾಲರಿಯ ಒಳಮುಖದಲ್ಲಿ ಕಂಬಳಿಯಂತಹ ಪದರ ಕಾಣಿಸುತ್ತದೆ, ಚಿಮಟದಿಂದ ಎಳೆದರೆ ಒಂದೇ ತುಂಡಾಗಿ ಬರುತ್ತದೆ. ಉಳಿದದ್ದಕ್ಕೆ ಬಣ್ಣ ಬಳಿಯುವ ಹೊಸ, ಒಣ ಕುಂಚ ಬಳಸಿ. ಗಾಳಿ ಊದುವುದಿದ್ದರೆ ಎಸಳನ್ನು ಬೆರಳಿನಿಂದ ಹಿಡಿದುಕೊಳ್ಳಿ.

ಕುಂಬಳೆಯ ಅಕ್ಕ · ಭಾನುವಾರ, ರಾತ್ರಿ 9.30

ತೆರೆಯಲು ಧೈರ್ಯವಿಲ್ಲದವರು ಏನು ಮಾಡಬೇಕು? ನಾನು ಫ್ರಿಜ್ಜಿನ ಐಸ್ ಪ್ಯಾಕನ್ನು ಟವೆಲ್ಲಿನಲ್ಲಿ ಸುತ್ತಿ ಅಡಿಯಲ್ಲಿ ಇಡುತ್ತೇನೆ. ಒಂದು ಗಂಟೆ ಸುಖವಾಗಿ ನಡೆಯುತ್ತದೆ.

ಮಂಜೇಶ್ವರದ ವಿದ್ಯಾರ್ಥಿ · ಭಾನುವಾರ, ರಾತ್ರಿ 9.50

ಅಕ್ಕ, ದಯವಿಟ್ಟು ಬೇಡ. ಕಡಲ ಬದಿಯ ನಮ್ಮ ಗಾಳಿಯಲ್ಲಿ ತೇವ ಬಹಳ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಯಲ್ಲಿ ನೀರು ಇಳಿಯುವಂತೆ ತಣ್ಣಗಾದ ತಳದ ಒಳಗೂ ಇಳಿಯಬಹುದು. ಟವೆಲ್ ಕೆಳಗಿನ ಕಿಂಡಿಯನ್ನೂ ಮುಚ್ಚುತ್ತದೆ. ತೆರೆಯಲಾಗದಿದ್ದರೆ ಗಟ್ಟಿ ಹಲಗೆಯ ಮೇಲಿಟ್ಟು ಹಿಂಬದಿ ಎತ್ತರಿಸಿ, ವಿಂಡೋಸ್ ಆದರೆ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕ ಇಳಿದರೂ ಹೆಚ್ಚಿನ ಯಂತ್ರಗಳಲ್ಲಿ ಪ್ರೊಸೆಸರ್ ಭಾರ ಬಿದ್ದಾಗ ತಾನೇ ಏರಿಸಿಕೊಳ್ಳುವ ಟರ್ಬೊ ವೇಗ ನಿಲ್ಲುತ್ತದೆ, ಬಿಸಿ ಗಣನೀಯವಾಗಿ ಇಳಿಯುತ್ತದೆ. ರಿಪೇರಿಯ ತನಕ ಕೆಲಸ ಸಾಗುತ್ತದೆ.

ನೀರ್ಚಾಲು ಟೀಚರ್ · ಮಂಗಳವಾರ, ರಾತ್ರಿ 8.30

ಅಣ್ಣನ ಮಗನನ್ನು ಕರೆಸಿ ಇಬ್ಬರೂ ಸೇರಿ ತೆರೆದೆವು. ನೀವು ಹೇಳಿದ ಕಂಬಳಿಯ ತುಂಡು ಹಾಗೆಯೇ ಇತ್ತು, ಬೆರಳಿನಷ್ಟು ಉದ್ದ, ಬೂದು ಬಣ್ಣ. ಅದರೊಳಗೆ ಅಡಿಕೆ ಸಿಪ್ಪೆಯ ನಾರುಗಳು ಹೆಣೆದುಕೊಂಡಿರುವುದು ಬರಿಗಣ್ಣಿಗೆ ಕಾಣುತ್ತಿತ್ತು. ತೆಗೆದು ಮುಚ್ಚಿದೆವು.

ಈಗ ಸುಮ್ಮನಿರುವಾಗ 46 ಡಿಗ್ರಿ. ವಿಡಿಯೋ ಕರೆ ಅರ್ಧ ಗಂಟೆ ನಡೆದರೂ 85 ದಾಟಲಿಲ್ಲ, ಆರಲಿಲ್ಲ. ಬಹಳ ಸಂತೋಷವಾಯಿತು. ಆದರೆ ಅಣ್ಣನ ಮಗ ಪೂರ್ತಿ ಭಾರ ಹಾಕಿ ನೋಡೋಣ ಎಂದು ಇದನ್ನು ಓಡಿಸಿದ:

```
stress-ng --cpu 0 --timeout 60s
```

ನಾಲ್ಕೇ ಸೆಕೆಂಡಿನಲ್ಲಿ 46ರಿಂದ 95ಕ್ಕೆ ಹೋಯಿತು. ಮುಗಿದ ಮೂರು ಸೆಕೆಂಡಿಗೆ 60ಕ್ಕೆ ಇಳಿಯಿತು. ಆ ಹೊತ್ತಿನಲ್ಲಿ ಕಿಂಡಿಯ ಗಾಳಿ ಜೋರಾಗಿತ್ತು, ಆದರೆ ಬರೀ ಬೆಚ್ಚಗೆ. ಇದು ನೀವು ಹೇಳಿದ ಎರಡನೆಯ ಲಕ್ಷಣವಲ್ಲವೇ?

ಉಪ್ಪಳದ ರಿಪೇರಿಯವ · ಮಂಗಳವಾರ, ರಾತ್ರಿ 9.15

ಅದೇ ಲಕ್ಷಣ. ಚಿಪ್ಪು 95ರಲ್ಲಿ ಬೇಯುತ್ತಿರುವಾಗ ಹೊರಗಿನ ಗಾಳಿ ಬೆಚ್ಚಗಿದೆ ಎಂದರೆ ಶಾಖ ಜಾಲರಿಯವರೆಗೆ ತಲುಪುತ್ತಿಲ್ಲ. ಪೇಸ್ಟ್ ಒಣಗಿದೆ. ಎರಡು ದೋಷಗಳು ಒಂದರ ಮೇಲೊಂದು ಕೂತಿದ್ದವು, ಧೂಳು ತೆಗೆದ ಮೇಲೆ ಕೆಳಗಿನದು ಕಾಣಿಸಿತು. ಭಾನುವಾರವೇ ಪೂರ್ತಿ ಭಾರ ಹಾಕಿಸಿ ನೋಡಬೇಕಿತ್ತು. ವಿಡಿಯೋ ಕರೆಯ ಅಂಕಿಗಳಷ್ಟನ್ನೇ ನಂಬಿದ್ದು ನನ್ನ ತಪ್ಪು.

ಮಂಜೇಶ್ವರದ ವಿದ್ಯಾರ್ಥಿ · ಮಂಗಳವಾರ, ರಾತ್ರಿ 9.40

ಅಣ್ಣ, ಇಲ್ಲಿ ಒಂದು ಆಕ್ಷೇಪ. ಇವು 15 ವ್ಯಾಟಿನ ಪ್ರೊಸೆಸರುಗಳಾದರೂ ಟರ್ಬೊದಲ್ಲಿ ಮೊದಲ ಅರ್ಧ ನಿಮಿಷ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತವೆ. ಹೊಸ ಲ್ಯಾಪ್‌ಟಾಪ್ ಕೂಡ ಕ್ಷಣದಲ್ಲಿ 85, 90ಕ್ಕೆ ನೆಗೆಯುವುದನ್ನು ನಾನು ನೋಡಿದ್ದೇನೆ. ನೆಗೆತ ಕಂಡ ಮಾತ್ರಕ್ಕೆ ಪೇಸ್ಟ್ ಹೋಗಿದೆ ಎನ್ನುವುದು ಸರಿಯೇ? ಟರ್ಬೊ ನಿಲ್ಲಿಸಿ ಅಳೆದರೆ ಹೆಚ್ಚು ನಂಬಬಹುದು:

```
echo 1 | sudo tee /sys/devices/system/cpu/intel_pstate/no_turbo
```

ಮುಂದಿನ ಸಲ ಯಂತ್ರ ಶುರುವಾದಾಗ ಇದು ತಾನೇ ಹಿಂದಿನಂತಾಗುತ್ತದೆ. ನನ್ನ ಎರಡು ವರ್ಷದ ಲ್ಯಾಪ್‌ಟಾಪಿನಲ್ಲಿ ಈಗ ನೋಡಿದೆ. ಅದೂ 15 ವ್ಯಾಟಿನದೇ. ಟರ್ಬೊ ಇಲ್ಲದೆ ಐದು ಸೆಕೆಂಡಿಗೆ 44ರಿಂದ 57.

ಉಪ್ಪಳದ ರಿಪೇರಿಯವ · ಮಂಗಳವಾರ, ರಾತ್ರಿ 9.55

ಸರಿಯಾದ ಮಾತು, ಒಪ್ಪಿದೆ. ನನ್ನ ಮೇಜಿಗೆ ಬರುವುದೆಲ್ಲ ಕೆಟ್ಟ ಯಂತ್ರಗಳೇ, ಹಾಗಾಗಿ ನೆಗೆತ ಕಂಡ ಕೂಡಲೇ ಪೇಸ್ಟ್ ಎನ್ನುವ ರೂಢಿ ಆಗಿದೆ. ಟೀಚರೇ, ಟರ್ಬೊ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ.

ನೀರ್ಚಾಲು ಟೀಚರ್ · ಮಂಗಳವಾರ, ರಾತ್ರಿ 10.20

ಅಳೆದೆ. ಐದು ಸೆಕೆಂಡಿಗೆ 45ರಿಂದ 79. ಒಂದು ನಿಮಿಷದ ಕೊನೆಗೆ 83. ನಿಲ್ಲಿಸಿದ ಕೂಡಲೇ 54.

ಮಂಜೇಶ್ವರದ ವಿದ್ಯಾರ್ಥಿ · ಮಂಗಳವಾರ, ರಾತ್ರಿ 10.25

ನನ್ನದರಲ್ಲಿ 13 ಡಿಗ್ರಿ, ನಿಮ್ಮದರಲ್ಲಿ 34. ಯಂತ್ರಗಳು ಬೇರೆಯಾದರೂ ಇಷ್ಟು ಅಂತರ ಬರಬಾರದು. ಪೇಸ್ಟೇ.

ಉಪ್ಪಳದ ರಿಪೇರಿಯವ · ಮಂಗಳವಾರ, ರಾತ್ರಿ 10.50

ಇದನ್ನು ನೀವೇ ಮಾಡುವುದಾದರೆ ಅವಸರ ಬೇಡ, ಹಗಲು ಬೆಳಕಿನಲ್ಲಿ ಕುಳಿತು ಮಾಡಿ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಕೊರೆದಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಪ್ರತಿಯೊಂದನ್ನೂ ಅರ್ಧರ್ಧ ಸುತ್ತು. ಒಂದನ್ನೇ ಪೂರ್ತಿ ಬಿಚ್ಚಿದರೆ ಹೀಟ್‌ಸಿಂಕ್ ವಾಲಿ ಚಿಪ್ಪಿನ ಮೂಲೆ ಒಡೆಯಬಹುದು. ಇದರ ಮೇಲೆ ಡೆಸ್ಕ್‌ಟಾಪಿನಲ್ಲಿರುವಂತೆ ಲೋಹದ ಮುಚ್ಚಳವಿಲ್ಲ, ಕನ್ನಡಿಯಂತಹ ಸಿಲಿಕಾನ್ ನೇರವಾಗಿ ಹೊರಗಿದೆ. ಒಣಗಿ ಅಂಟಿದ್ದರೆ ಎಳೆಯಬೇಡಿ. ಮುಚ್ಚಿ ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಬ್ಯಾಟರಿ ಕಳಚಿ, ಮೆಲ್ಲಗೆ ತಿರುಚಿ ಎತ್ತಿ.

ಹಳೆಯ ಪೇಸ್ಟ್ ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಮತ್ತು ಗ್ಲಿಸರಿನ್ ಇರುತ್ತವೆ. ಕನ್ನಡಕ ಒರೆಸುವ ಬಟ್ಟೆಯಿಂದ ಎರಡೂ ಕಡೆ ಹೊಳೆಯುವಂತೆ ಒರೆಸಿ. ಹೊಸ ಪೇಸ್ಟ್ ಒಂದು ಕುಚ್ಚಲಕ್ಕಿ ಕಾಳಿನಷ್ಟು ಸಾಕು. ಚಿಪ್ಪಿನ ನಾಲ್ಕು ಮೂಲೆಗಳೂ ಮುಚ್ಚುವಂತೆ ತೆಳುವಾಗಿ ಹರಡಿ, ಬರಿದಾದ ಮೂಲೆ ಉಳಿದರೆ ಅಲ್ಲೇ ಕಾಯುತ್ತದೆ. ಕೂರಿಸುವಾಗ 1ರಿಂದ 4ಕ್ಕೆ, ಮತ್ತೆ ಅರ್ಧರ್ಧ ಸುತ್ತು.

ಚಿಪ್ಪಿನ ಪಕ್ಕದಲ್ಲಿ ಬೂದು ಅಥವಾ ನೀಲಿ ಬಣ್ಣದ ಮೆತ್ತನೆಯ ಚೌಕಗಳಿದ್ದರೆ ಮುಟ್ಟಬೇಡಿ. ಅವು ಥರ್ಮಲ್ ಪ್ಯಾಡ್‌ಗಳು, ಅಂತರ ತುಂಬಲೆಂದೇ ನಿರ್ದಿಷ್ಟ ದಪ್ಪದಲ್ಲಿ ಇಟ್ಟಿರುತ್ತಾರೆ. ಅವುಗಳ ಜಾಗಕ್ಕೆ ಪೇಸ್ಟ್ ಹಾಕಿದರೆ ಏನೂ ತಾಗುವುದಿಲ್ಲ. ದಪ್ಪದ ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಪ್ರೊಸೆಸರಿಗೆ ತಾಗದೆ ಮೇಲೆ ನಿಲ್ಲುತ್ತದೆ.

ಮುಳ್ಳೇರಿಯ ಕೃಷಿಕ · ಬುಧವಾರ, ಬೆಳಿಗ್ಗೆ 7.05

ಗಾಳಿಯ ವಿಷಯ ಒಪ್ಪಿದೆ, ಇನ್ನು ಪಂಕ್ಚರ್ ಅಂಗಡಿಗೆ ಒಯ್ಯುವುದಿಲ್ಲ. ಪೇಸ್ಟ್ ಇಲ್ಲದವರು ಹಲ್ಲುಜ್ಜುವ ಪೇಸ್ಟ್ ಹಚ್ಚುತ್ತಾರಂತೆ, ನಡೆಯುತ್ತದೆಯೇ?

ಉಪ್ಪಳದ ರಿಪೇರಿಯವ · ಬುಧವಾರ, ಬೆಳಿಗ್ಗೆ 9.00

ಕೆಲವು ದಿನ ನಡೆಯುತ್ತದೆ. ಅದರಲ್ಲಿರುವ ನೀರು ಆರಿದ ಮೇಲೆ ಸುಣ್ಣದ ಚೂರಾಗಿ ಮೊದಲಿಗಿಂತ ಕೆಡುತ್ತದೆ.

ಮಂಜೇಶ್ವರದ ವಿದ್ಯಾರ್ಥಿ · ಬುಧವಾರ, ಬೆಳಿಗ್ಗೆ 9.30

ಪೇಸ್ಟಿನ ಬದಲು ಫೇಸ್ ಚೇಂಜ್ ಹಾಳೆ ಹಾಕಬಾರದೇ? ಬಿಸಿಯಾದಾಗ ಮೆತ್ತಗಾಗಿ ಹರಡಿಕೊಳ್ಳುತ್ತದೆ. ಬರಿ ಸಿಲಿಕಾನಿನ ಮೇಲೆ ಪೇಸ್ಟ್ ಬಿಸಿ, ತಂಪು, ಬಿಸಿ ಎಂದು ಹಿಗ್ಗಿ ಕುಗ್ಗುವಾಗ ಅಂಚಿಗೆ ಒತ್ತಿಹೋಗುತ್ತದೆ, ಹಾಳೆ ಹಾಗಾಗುವುದಿಲ್ಲ.

ಉಪ್ಪಳದ ರಿಪೇರಿಯವ · ಬುಧವಾರ, ಬೆಳಿಗ್ಗೆ 10.10

ಹಾಳೆ ಒಳ್ಳೆಯದೇ. ಆದರೆ ನಕಲಿಗಳು ಬಹಳ, ನೋಡಿ ಗುರುತಿಸುವುದು ಕಷ್ಟ. ಹೆಚ್ಚು ಬಿಸಿಯಾಗುವ ಗೇಮಿಂಗ್ ಯಂತ್ರಕ್ಕೆ ಅದರ ಲಾಭ ಹೆಚ್ಚು. 15 ವ್ಯಾಟಿನ ಈ ಯಂತ್ರಕ್ಕೆ ಗಟ್ಟಿಯಾದ ಒಳ್ಳೆಯ ಪೇಸ್ಟ್ ಸಾಕೆಂದು ನನ್ನ ಅಭಿಪ್ರಾಯ.

ಮಂಜೇಶ್ವರದ ವಿದ್ಯಾರ್ಥಿ · ಬುಧವಾರ, ಬೆಳಿಗ್ಗೆ 10.20

ಮತ್ತೆ ಮತ್ತೆ ತೆರೆಯಲು ಬಯಸದವರಿಗೆ ಹಾಳೆಯೇ ಮೇಲು ಎಂದು ನಾನು ಈಗಲೂ ಹೇಳುತ್ತೇನೆ.

ನೀರ್ಚಾಲು ಟೀಚರ್ · ಭಾನುವಾರ, ಮಧ್ಯಾಹ್ನ 3.40

ಆಯಿತು. ಪೇಸ್ಟ್, ಆಲ್ಕೊಹಾಲ್ ಮಂಗಳೂರಿನಿಂದ ತರಿಸಿದೆ, ನಾಲ್ಕುನೂರು ರೂಪಾಯಿಯೂ ಆಗಲಿಲ್ಲ. ಹಳೆಯ ಪೇಸ್ಟ್ ಗೋಡೆಯ ಸುಣ್ಣದಂತೆ ಒಣಗಿ, ಉಗುರು ತಾಗಿದರೆ ಹುಡಿಯಾಗುತ್ತಿತ್ತು. ಚಿಪ್ಪಿನ ಒಂದು ಮೂಲೆಯಲ್ಲಿ ಪೇಸ್ಟೇ ಇರಲಿಲ್ಲ. ಇನ್ನೊಂದು ವಿಚಾರ: ಮೂರನೇ ಸ್ಕ್ರೂ ಬಿಗಿಯಾಗಿರಲಿಲ್ಲ, ಸ್ಕ್ರೂಡ್ರೈವರ್ ಇಟ್ಟ ಕೂಡಲೇ ತಿರುಗಿತು.

ಈಗ ಟರ್ಬೊ ನಿಲ್ಲಿಸಿ ಅಳೆದರೆ ಐದು ಸೆಕೆಂಡಿಗೆ 44ರಿಂದ 58. ಟರ್ಬೊ ಇಟ್ಟು ಪೂರ್ತಿ ಭಾರ ಹಾಕಿದರೆ ಮೊದಲು 86ಕ್ಕೆ ಹೋಗಿ, ಅರ್ಧ ನಿಮಿಷದ ಮೇಲೆ 78ರಲ್ಲಿ ನಿಲ್ಲುತ್ತದೆ. ನಿನ್ನೆ ಎರಡು ಗಂಟೆಯ ವಿಡಿಯೋ ಕರೆ ಒಮ್ಮೆಯೂ ಕಡಿಯದೆ ನಡೆಯಿತು.

ಕೇಳಬೇಕಾದ್ದು ಎರಡು. ಸಡಿಲ ಸ್ಕ್ರೂ ಕಾರಣವೋ, ಒಣಗಿದ ಪೇಸ್ಟ್ ಕಾರಣವೋ? ಮೂರು ವರ್ಷದ ಹಿಂದೆ ರ‍್ಯಾಮ್ ಹಾಕಿಸಿದ್ದು ಬಿಟ್ಟರೆ ಇದನ್ನು ಯಾರೂ ತೆರೆದಿಲ್ಲ. ಮತ್ತೆ, ಬೆಳಿಗ್ಗೆ ಮೊದಲ ಸಲ ಹಾಕುವಾಗ ಫ್ಯಾನ್ ಕರಕರ ಎನ್ನುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಅಣ್ಣನ ಮಗ ಒಂದು ಹನಿ ತೆಂಗಿನೆಣ್ಣೆ ಬಿಡೋಣ ಎನ್ನುತ್ತಿದ್ದಾನೆ.

ಉಪ್ಪಳದ ರಿಪೇರಿಯವ · ಭಾನುವಾರ, ಸಂಜೆ 6.15

ತೆಂಗಿನೆಣ್ಣೆ ಖಂಡಿತ ಬೇಡ. ತಂಪಿಗೆ ಗಟ್ಟಿಯಾಗುತ್ತದೆ, ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಕೆಲವು ವಾರದ ಮಾತು. ತಣ್ಣಗಿರುವಾಗ ಕರಕರ ಎಂದು ಆಮೇಲೆ ನಿಲ್ಲುವುದು ಬೇರಿಂಗ್ ಒಣಗುತ್ತಿರುವುದರ ಗುರುತು. ಈಗಲೇ ನಿಲ್ಲುವುದಿಲ್ಲ, ಕೆಲವು ತಿಂಗಳು ನಡೆಯಬಹುದು. ಒಂದು ದಿನ ಶುರುವಾಗದೆ ನಿಂತರೆ ಮತ್ತೆ ಅದೇ ನಿಧಾನದ ಏರಿಕೆ ಕಾಣುತ್ತದೆ, ಆಗ ಕಿಂಡಿಯಲ್ಲಿ ಗಾಳಿಯೇ ಇರುವುದಿಲ್ಲ. ಅದಕ್ಕೆ ಮೊದಲೇ ಹೊಸ ಫ್ಯಾನ್ ತರಿಸಿಡಿ. ಲ್ಯಾಪ್‌ಟಾಪಿನ ಮಾದರಿಯ ಹೆಸರು ಹೇಳಿ ಕೊಂಡರೆ ತಪ್ಪುತ್ತದೆ, ಒಂದೇ ಮಾದರಿಯಲ್ಲಿ ಎರಡು ಮೂರು ಬಗೆಯ ಫ್ಯಾನ್ ಇರುತ್ತವೆ. ಫ್ಯಾನಿನ ಬೆನ್ನಿನ ಚೀಟಿಯಲ್ಲಿರುವ ಸಂಖ್ಯೆ, ವೋಲ್ಟೇಜ್, ತಂತಿ ಎಷ್ಟು ಎಂಬುದು, ಈ ಮೂರೂ ಹೊಂದಬೇಕು.

ಸ್ಕ್ರೂವಿನ ವಿಚಾರ ಹೇಳುವುದು ಕಷ್ಟ. ರ‍್ಯಾಮ್ ಹಾಕಲು ಹೀಟ್‌ಸಿಂಕ್ ಮುಟ್ಟುವ ಅಗತ್ಯವಿಲ್ಲ. ಕಾರ್ಖಾನೆಯಲ್ಲೇ ಸಡಿಲವಾಗಿದ್ದಿರಬಹುದು. ಹಾಗಿದ್ದರೆ ಆ ಬರಿದಾದ ಮೂಲೆಗೆ ಅದೇ ಕಾರಣ, ಪೇಸ್ಟ್ ಒಣಗಿದ್ದು ಆಮೇಲಿನ ಮಾತು.

ಮಂಜೇಶ್ವರದ ವಿದ್ಯಾರ್ಥಿ · ಭಾನುವಾರ, ಸಂಜೆ 6.40

ಟೀಚರ್, ಬರಿದಾದ ಮೂಲೆ ಇದ್ದದ್ದು ಮೂರನೇ ಸ್ಕ್ರೂವಿನ ಬದಿಯಲ್ಲೋ, ಎದುರು ಬದಿಯಲ್ಲೋ?

ನೀರ್ಚಾಲು ಟೀಚರ್ · ಭಾನುವಾರ, ರಾತ್ರಿ 7.30

ಒರೆಸುವ ಮೊದಲು ಫೋಟೋ ತೆಗೆಯಬೇಕೆಂದು ಹೊಳೆಯಲಿಲ್ಲ. ಅಣ್ಣನ ಮಗ ಅದೇ ಬದಿ ಎನ್ನುತ್ತಾನೆ, ನನಗೆ ಎದುರು ಬದಿಯ ನೆನಪು. ಫ್ಯಾನಿನ ಚೀಟಿ ಓದಲು ಮುಂದಿನ ಭಾನುವಾರ ತೆರೆಯುತ್ತೇನೆ, ಆಗ ಸಂಖ್ಯೆಯನ್ನು ಇಲ್ಲಿ ಹಾಕುತ್ತೇನೆ. ಲ್ಯಾಪ್‌ಟಾಪನ್ನು ಚಾವಡಿಯಿಂದ ಒಳಕೋಣೆಗೆ ಸಾಗಿಸಿದ್ದೇನೆ, ಹಾಸಿಗೆಯ ಮೇಲೆ ಈಗ ಅಡುಗೆಮನೆಯ ಹಳೆಯ ಹಲಗೆಯೊಂದಿದೆ.

ಪೆರ್ಲ ಡಿಟಿಪಿ · ಭಾನುವಾರ, ರಾತ್ರಿ 8.05

ಪಿನ್ ಅಲ್ಲಾಡಿಸಿದ ಕೂಡಲೇ ಆರಿತು. ಟಚ್‌ಪ್ಯಾಡ್ ಎಡಬದಿಯಲ್ಲಿ ಸ್ವಲ್ಪ ಎತ್ತರವಾಗಿರುವಂತೆಯೂ ಕಾಣುತ್ತದೆ. ನಾಳೆ ಬ್ಯಾಟರಿ ತೆಗೆಸುತ್ತೇನೆ. ಬ್ಯಾಟರಿಯೇ ಇಲ್ಲದೆ, ಬರೀ ಅಡಾಪ್ಟರಿನಲ್ಲಿ ಕೆಲವು ದಿನ ಬಳಸಿದರೆ ತೊಂದರೆಯೇ? ಬುಧವಾರಕ್ಕೆ ಎರಡು ಆಮಂತ್ರಣ ಕೊಡಬೇಕಾಗಿದೆ.

ಉಪ್ಪಳದ ರಿಪೇರಿಯವ · ಭಾನುವಾರ, ರಾತ್ರಿ 8.30

ಹೆಚ್ಚಿನ ಯಂತ್ರಗಳು ನಡೆಯುತ್ತವೆ, ಕೆಲವು ಬ್ಯಾಟರಿ ಇಲ್ಲದಾಗ ವೇಗ ಇಳಿಸಿಕೊಳ್ಳುತ್ತವೆ. ಅಡಾಪ್ಟರಿನ ಪಿನ್ ಮೊದಲು ಸರಿಮಾಡಿಸಿ, ಯುಪಿಎಸ್ ಇದ್ದರೆ ಅದರ ಮೂಲಕ ಹಾಕಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಮಡಚಬೇಡಿ, ಇಂದು ರಾತ್ರಿ ಚಾರ್ಜಿಗೂ ಇಡಬೇಡಿ.